ಆಡಿದವರು ಯಾರು, ಆಡಿದರೆಂದವರು ಯಾರು

ಮಳವಳ್ಳಿಯ ಕಡೆಯ ಪ್ರೌಢಶಾಲೆಯೊಂದರಲ್ಲಿ ಉಪಾಧ್ಯಾಯಿನಿಯಾಗಿರುವ ನನ್ನ ತಂಗಿಯ ಮಗಳು, ಶಾಲೆಯ ಗೋಡೆಯ ಮೇಲೆ ಬರೆಯಿಸುವುದಕ್ಕೆಂದು ಆರಿಸಿಕೊಂಡಿದ್ದ ಸೂಕ್ತಿಯೊಂದನ್ನು, ತನಗೆ ಬಂದ ರೂಪದಲ್ಲಿಯೇ ನನ್ನ ಫೋನಿಗೆ ಅಂಟಿಸಿ ಕಳುಹಿಸಿ, ಅದರ ಕೆಳಗೆ "ಮಾವ, ಇದ ಹೇಳ್ದೋರ್ ಯಾರು?" ಎಂಬ ಒಂದೇ ಸಾಲಿನ ಪ್ರಶ್ನೆಯನ್ನು ಬರೆದಿದ್ದಳು. ನೂರು ವರ್ಷ ನರಿಯಂತೆ ಬದುಕುವುದಕ್ಕಿಂತ ಒಂದು ದಿನ ಸಿಂಹದಂತೆ ಬದುಕುವುದು ಮೇಲು ಎಂಬುದು ಆ ಸೂಕ್ತಿ. ಅದರಡಿಯಲ್ಲಿ ಟಿಪ್ಪು ಸುಲ್ತಾನನ ಹೆಸರಿತ್ತು. ಸಹೋದ್ಯೋಗಿಯೊಬ್ಬರು ಅದು ಇಟಲಿಯ ಮುಸೊಲಿನಿಯ ಮಾತೆಂದು ವಾದಿಸಿದ್ದರಿಂದ ಅವಳಿಗೆ ಸಂದೇಹ ಹುಟ್ಟಿತ್ತು. ಗೋಡೆಯ ಮೇಲೆ ಬರೆದದ್ದನ್ನು ಅಳಿಸುವುದು ಸುಲಭವಲ್ಲವಾದಕಾರಣ, ಬರೆಯುವವನು ಬಣ್ಣ ಕಲಸುವುದಕ್ಕೆ ಮುಂಚೆಯೇ ಉತ್ತರ ಬೇಕಾಗಿತ್ತು.

ಒಂದು ಹೆಸರನ್ನು ಹೇಳಿಬಿಟ್ಟರೆ ತೀರಿತೆಂದು ನಾನೂ ಮೊದಲು ಭಾವಿಸಿದ್ದೆ. ವಿಚಾರಮಾಡುತ್ತ ಹೋದಂತೆ, ಇಂಥ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರವು ಒಂಟಿ ಹೆಸರಾಗಿರುವುದು ಬಹು ಅಪೂರ್ವವೆಂದೂ, ಯಾರು ಹೇಳಿದರು ಎಂಬುದರ ಜೊತೆಗೆ, ಅವರು ಹೇಳಿದರೆಂದು ನಮಗೆ ತಿಳಿಸಿದವರು ಯಾರು, ಯಾವಾಗ, ಯಾವ ಭಾಷೆಯಲ್ಲಿ ಎಂಬುದನ್ನೂ ಸೇರಿಸಿದಾಗ ಮಾತ್ರ ಉತ್ತರವು ಪೂರ್ಣವಾಗುವುದೆಂದೂ ಮನವರಿಕೆಯಾಯಿತು. ಮಂಡ್ಯದ ಸೀಮೆಗೆ ಸೇರಿದ ಈ ಮಾತಿನ ಚರಿತ್ರೆಯನ್ನೇ ಮುಖ್ಯವಾಗಿ ಹಿಡಿದು, ಅದಕ್ಕೆ ಹೊಂದುವ ಬೇರೆ ಕೆಲವು ಬಗೆಯ ಮಾತುಗಳನ್ನೂ ಜೊತೆಗಿರಿಸಿ, ಈ ಪ್ರಶ್ನೆಯನ್ನು ಇಲ್ಲಿ ಪರಾಮರ್ಶಿಸುತ್ತೇನೆ.

ಮೊದಲು ಮಾಡಬೇಕಾದ ಕೆಲಸವೆಂದರೆ, ಮಾತಿನ ಪಾಠಾಂತರಗಳನ್ನು ಒಂದೆಡೆ ಕಲೆಹಾಕಿ, ಅವುಗಳಲ್ಲಿ ಯಾವುದು ನಿಂತಿದೆ, ಯಾವುದು ಅಲುಗಾಡುತ್ತಿದೆ ಎಂಬುದನ್ನು ನೋಡುವುದು. ಹಳೆಯ ಓಲೆಗರಿಗಳ ಕಾವ್ಯವನ್ನು ಶೋಧಿಸುವ ಸಂಪಾದಕನು ಪ್ರತಿಗಳನ್ನು ಹೋಲಿಸುವ ಕ್ರಮವೇ ಇದು. ಪ್ರಸ್ತುತ ಮಾತಿನಲ್ಲಿ, ಒಂದು ಮೃಗದಂತೆ ಸ್ವಲ್ಪಕಾಲ ಬಾಳುವುದು ಇನ್ನೊಂದು ಮೃಗದಂತೆ ದೀರ್ಘಕಾಲ ಬಾಳುವುದಕ್ಕಿಂತ ಶ್ರೇಷ್ಠ ಎಂಬ ಚೌಕಟ್ಟು ಎಲ್ಲೆಡೆಯೂ ಒಂದೇ. ಆದರೆ ಆ ಸ್ವಲ್ಪಕಾಲವು ಒಂದೆಡೆ ಒಂದು ದಿನವಾದರೆ ಮತ್ತೊಂದೆಡೆ ಎರಡು ದಿನ. ದೀರ್ಘಕಾಲವು ನೂರು, ಇನ್ನೂರು, ಸಾವಿರ ವರ್ಷಗಳೆಂದು ಬದಲಾಗುತ್ತದೆ. ವೀರಮೃಗವು ಕೆಲವರಲ್ಲಿ ಸಿಂಹ, ಕೆಲವರಲ್ಲಿ ಹುಲಿ. ಹೇಡಿಮೃಗವು ಕೆಲವರಲ್ಲಿ ನರಿ, ಕೆಲವರಲ್ಲಿ ಕುರಿ. ಇಷ್ಟು ಅಂಗಗಳು ಸಡಿಲವಾಗಿರುವ ಮಾತನ್ನು ಯಾರೂ ಬರಹದಿಂದ ಬರಹಕ್ಕೆ ನೋಡಿ ನಕಲು ಮಾಡಿಕೊಂಡು ಬಂದಿಲ್ಲವೆಂದೂ, ಅದು ಬಾಯಿಂದ ಬಾಯಿಗೆ ಬಂದಿದೆಯೆಂದೂ ಇದರಿಂದಲೇ ಊಹಿಸಬಹುದು.

ಎರಡನೆಯ ಕೆಲಸ, ಕಾಲನಿರ್ದೇಶವುಳ್ಳ ಅತಿ ಪ್ರಾಚೀನ ಸಾಕ್ಷಿಯನ್ನು ಹುಡುಕುವುದು. ಇಲ್ಲಿ ನಮ್ಮ ಅದೃಷ್ಟ ಚೆನ್ನಾಗಿದೆ. ಶ್ರೀರಂಗಪಟ್ಟಣವು ಪತನವಾದ ಮರುವರ್ಷವೇ, ಎಂದರೆ 1800ರಲ್ಲಿ, ಲಂಡನ್ನಿನಲ್ಲಿ ಪ್ರಕಟವಾದ ಯುದ್ಧವೃತ್ತಾಂತವೊಂದರಲ್ಲಿ ಈ ಮಾತು ಟಿಪ್ಪುವಿನದೆಂದು ದಾಖಲಾಗಿದೆ. ಅದನ್ನು ಬರೆದವನು ಅಲೆಕ್ಸಾಂಡರ್ ಬೀಟ್ಸನ್. ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಂಗಸಹಾಯಕನಾಗಿದ್ದು, ದಂಡಯಾತ್ರೆಯ ಸೈನ್ಯಕ್ಕೆ ಮೋಜಣಿಯ ಮುಖ್ಯಾಧಿಕಾರಿಯಾಗಿದ್ದವನು. ಅವನ ಪಾಠದಲ್ಲಿ ದಿನಗಳು ಎರಡು, ವರ್ಷಗಳು ಇನ್ನೂರು, ವೀರಮೃಗ ಹುಲಿ, ಹೇಡಿಮೃಗ ಕುರಿ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಸುಲ್ತಾನನು ಹೀಗೆನ್ನುವುದನ್ನು ಆಗಾಗ ಕೇಳಿದವರುಂಟು ಎಂಬ ಧಾಟಿಯಲ್ಲಿ ಬೀಟ್ಸನ್ ಇದನ್ನು ಹೇಳುತ್ತಾನೆ. ಹೇಳಿದೊಡನೆಯೇ ಹುಲಿಯು ಟಿಪ್ಪುವಿನ ರಾಜಲಾಂಛನವಾಗಿತ್ತೆಂಬ ವಿಷಯಕ್ಕೆ, ಸಿಂಹಾಸನವನ್ನೂ ಆಯುಧಗಳನ್ನೂ ಅಲಂಕರಿಸಿದ್ದ ಹುಲಿಯ ತಲೆ ಮತ್ತು ಪಟ್ಟೆಗಳ ವರ್ಣನೆಗೆ ಸಾಗುತ್ತಾನೆ. ಎಂದರೆ, ಮೂಲದಲ್ಲಿ ಇದು ದರಬಾರಿನ ಮಾತು, ಲಾಂಛನದ ವ್ಯಾಖ್ಯಾನ. ಸಾಯುವ ಗಳಿಗೆಯ ಉದ್ಗಾರವಲ್ಲ.

ಈಗ ಪ್ರಚಾರದಲ್ಲಿರುವ ಕಥೆಯಾದರೋ ಬೇರೆ. ಕೋಟೆಯು ಕೈಬಿಟ್ಟುಹೋದಾಗ, ಗುಪ್ತಮಾರ್ಗದಿಂದ ಪಾರಾಗಬೇಕೆಂದು ಜೊತೆಯವರು ಬೇಡಿಕೊಂಡರೆಂದೂ, ಆಗ ಸುಲ್ತಾನನು ಈ ಮಾತನ್ನಾಡಿ ಕತ್ತಿ ಹಿರಿದನೆಂದೂ ಜನ ಹೇಳುತ್ತಾರೆ. 1799ರ ಮೇ 4ರ ಆ ಮಧ್ಯಾಹ್ನದ ಕೊನೆಯ ಕ್ಷಣಗಳ ವಿವರವು ನಮಗೆ ಬಂದಿರುವುದು ಮುಖ್ಯವಾಗಿ ರಾಜಾಖಾನ್ ಎಂಬ ಸೇವಕನಿಂದ. ಬಾಗಿಲ ಬಳಿಯ ಹೆಣಗಳ ರಾಶಿಯಲ್ಲಿ ಒಡೆಯನ ಸಮೀಪದಲ್ಲಿಯೇ ಗಾಯಗೊಂಡು ಬಿದ್ದಿದ್ದು, ಬದುಕಿ ಉಳಿದವನು ಅವನು. ಶತ್ರುಸೈನಿಕರಿಗೆ ತಾನಾರೆಂಬುದನ್ನು ತಿಳಿಸಿ ಪ್ರಾಣ ಉಳಿಸಿಕೊಳ್ಳಬಹುದೆಂದು ತಾನು ಸೂಚಿಸಿದಾಗ, ಸುಲ್ತಾನನು ಗದರಿ ಸುಮ್ಮನಾಗಿಸಿದನೆಂಬುದು ಅವನ ಹೇಳಿಕೆಯ ಸಾರ. ಅಲ್ಲಿ ಹುಲಿಯೂ ಇಲ್ಲ, ಕುರಿಯೂ ಇಲ್ಲ. ಹಾಗಿದ್ದರೂ ಆ ನಿರಾಕರಣೆಗೂ ಈ ಸೂಕ್ತಿಗೂ ಅರ್ಥದಲ್ಲಿ ಎಷ್ಟೊಂದು ಹೊಂದಿಕೆಯಿದೆಯೆಂದರೆ, ಜನರ ಸ್ಮೃತಿಯು ಎರಡನ್ನೂ ಒಂದಾಗಿ ಹೆಣೆದದ್ದರಲ್ಲಿ ಆಶ್ಚರ್ಯವಿಲ್ಲ. ಮಾತನ್ನು ಸತ್ತ ಗಳಿಗೆಯತ್ತ ಎಳೆದೊಯ್ಯುವುದು ಲೋಕದ ರೂಢಿ. ಬಾಳಿನುದ್ದಕ್ಕೂ ಆಡಿದ ನುಡಿಗಿಂತ ಕಡೆಯುಸಿರಿನ ನುಡಿಗೆ ತೂಕ ಹೆಚ್ಚು. ಆದಕಾರಣ, ಯಾವ ಸೂಕ್ತಿಯಾದರೂ ಮರಣಮುಖದಲ್ಲಿ ಆಡಿದ್ದೆಂದು ಕೇಳಿಬಂದಾಗ, ಆ ಸಮಯದಲ್ಲಿ ಹತ್ತಿರವಿದ್ದು ಬದುಕಿ ಬಂದವರು ಯಾರು ಎಂಬ ಪ್ರಶ್ನೆಯನ್ನು ತಪ್ಪದೆ ಕೇಳತಕ್ಕದ್ದು.

ಮೂರನೆಯದು ಭಾಷೆಯ ಪರೀಕ್ಷೆ. ಬೀಟ್ಸನ್ ಕೊಟ್ಟದ್ದು ಇಂಗ್ಲಿಷ್ ವಾಕ್ಯ. ಸುಲ್ತಾನನು ಅದನ್ನು ಇಂಗ್ಲಿಷಿನಲ್ಲಿ ಆಡಿರಲಾರನು. ಪಾರಸಿಯಲ್ಲಿ ಆಡಿರಲಿ, ದಖನಿಯಲ್ಲಿ ಆಡಿರಲಿ, ನಮ್ಮ ಕೈಗೆ ಬಂದಿರುವುದು ಅನುವಾದ; ಅದನ್ನು ಮತ್ತೆ ಕನ್ನಡಕ್ಕೆ ತಂದಾಗ ಅನುವಾದದ ಅನುವಾದ. ಇದನ್ನು ನೆನಪಿನಲ್ಲಿಟ್ಟರೆ, ಹುಲಿಯು ಸಿಂಹವಾದ ರಹಸ್ಯಕ್ಕೂ ಒಂದು ಸುಳುಹು ದೊರೆಯುತ್ತದೆ. ಶೇರ್ ಎಂಬ ಶಬ್ದವು ಪಾರಸಿಯಲ್ಲಿ ಸಿಂಹಕ್ಕೆ ಸಲ್ಲುತ್ತದೆ. ಹಿಂದೂಸ್ತಾನಿಯ ಬಳಕೆಯಲ್ಲಿಯಾದರೋ ಹುಲಿಗೂ ಅದೇ ಹೆಸರು. ಟಿಪ್ಪುವಿನ ಆಯುಧಗಳ ಮೇಲೆ ಕಾಣುವ ಅರಬ್ಬೀ ಅಕ್ಷರಚಿತ್ರದಲ್ಲಿ ಈ ಸಂಕರವು ಕಣ್ಣಿಗೇ ಕಾಣುತ್ತದೆ: ಅಲ್ಲಾಹನ ಸಿಂಹವೇ ಜಯಶಾಲಿ ಎಂಬ ಅರ್ಥದ ಅಕ್ಷರಗಳನ್ನು ಹುಲಿಯ ಮುಖದ ಆಕಾರದಲ್ಲಿ ಹೆಣೆದಿದ್ದಾರೆ. ಶಬ್ದದಲ್ಲಿ ಸಿಂಹ, ರೂಪದಲ್ಲಿ ಹುಲಿ. ಎರಡು ಭಾಷೆಗಳ ನಡುವೆ ಸಂಚರಿಸಿದ ಮಾತಿನಲ್ಲಿ ಒಂದು ಮೃಗವು ಇನ್ನೊಂದಾದದ್ದು ಯಾರೂ ಬೇಕೆಂದು ಮಾಡಿದ ವಂಚನೆಯಾಗಿರಬೇಕಾಗಿಲ್ಲ. ಕುರಿಯು ನರಿಯಾದುದಕ್ಕೆ ಇಂಥ ಶಬ್ದಕಾರಣವು ಕಾಣದಿದ್ದರೂ, ಸಿಂಹದ ಎದುರಿಗೆ ನರಿಯನ್ನು ನಿಲ್ಲಿಸುವುದು ಪಂಚತಂತ್ರವನ್ನು ಕೇಳಿ ಬೆಳೆದ ನಾಡಿನ ಕಿವಿಗೆ ಸಹಜವಾಗಿಯೇ ಒಪ್ಪುತ್ತದೆ.

ನಾಲ್ಕನೆಯದು, ಸಾಕ್ಷಿಯ ಯೋಗ್ಯತೆ. ಬೀಟ್ಸನ್ ಗೆದ್ದ ಪಕ್ಷದವನು. ಸೋತವನ ಬಾಯಿಂದ ಧೀರವಾದ ಮಾತೊಂದನ್ನು ಬರೆದಿಟ್ಟುದು ಅವನ ಪಕ್ಷಕ್ಕೆ ಲಾಭಕರವಲ್ಲವಾದ್ದರಿಂದ ಅದು ನಂಬತಕ್ಕದ್ದೆಂದು ಒಬ್ಬರು ವಾದಿಸಬಹುದು. ಟಿಪ್ಪುವನ್ನು ಕ್ರೂರಮೃಗದೊಡನೆ ಹೋಲಿಸುವುದು ಆ ಕಾಲದ ಇಂಗ್ಲಿಷ್ ಬರಹಗಳಿಗೆ ಪ್ರಿಯವಾಗಿದ್ದುದರಿಂದ ಹುಲಿಯ ಮಾತು ಅವರಿಗೆ ಬೇಕಾದ ಮಾತೇ ಆಗಿತ್ತೆಂದು ಇನ್ನೊಬ್ಬರು ಪ್ರತಿವಾದ ಹೂಡಬಹುದು. ಎರಡಕ್ಕೂ ಅವಕಾಶವಿದೆ. ತಾನೇ ಕೇಳಿದೆನೆಂದು ಅವನು ಹೇಳಿಕೊಳ್ಳುವುದಿಲ್ಲ, ಕೇಳಿದವರಿಂದ ಕೇಳಿದ್ದು. ಆದುದರಿಂದ ಈ ಸಾಕ್ಷಿಯು ಸಮಕಾಲೀನವೂ ಹೌದು, ಪರೋಕ್ಷವೂ ಹೌದು. ಸುಲ್ತಾನನ ನಿಸ್ಸಂದಿಗ್ಧವಾದ ಮಾತುಗಳು ಬೇರೆಯೇ ಇವೆ: ಸ್ವಹಸ್ತದಲ್ಲಿ ಕನಸುಗಳನ್ನು ಬರೆದಿಟ್ಟ ಪಾರಸಿ ಪುಸ್ತಕ, ವಿಲಿಯಂ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಅನುವಾದಿಸಿ ಪ್ರಕಟಿಸಿದ ಪತ್ರಗಳು, ಕೃಷ್ಣರಾಜಸಾಗರದ ಕಟ್ಟೆಯ ಬಳಿ ಇಂದಿಗೂ ನಿಂತಿರುವ ಪಾರಸಿ ಶಿಲಾಶಾಸನ. ಇವುಗಳ ಪಕ್ಕದಲ್ಲಿ ಇರಿಸಿದಾಗ, ಬೀಟ್ಸನ್ನನ ಒಂದು ವಾಕ್ಯವು ಎಷ್ಟು ತೂಕದ್ದೆಂಬುದು ತಾನಾಗಿ ತಿಳಿಯುತ್ತದೆ: ತಳ್ಳಿಹಾಕತಕ್ಕದ್ದಲ್ಲ, ಕೈಬರಹದಷ್ಟು ದೃಢವೂ ಅಲ್ಲ.

ಇನ್ನು ಮುಸೊಲಿನಿಯ ವಾದ. ಅದಕ್ಕೂ ಆಧಾರವಿಲ್ಲದೆ ಇಲ್ಲ. 1928ರಲ್ಲಿ ಇಟಲಿಯಲ್ಲಿ ಟಂಕಿಸಿದ ಇಪ್ಪತ್ತು ಲೀರಾ ಬೆಲೆಯ ಬೆಳ್ಳಿನಾಣ್ಯದ ಮೇಲೆ, ನೂರು ವರ್ಷದ ಕುರಿಬಾಳಿಗಿಂತ ಒಂದು ದಿನದ ಸಿಂಹದ ಬಾಳು ಲೇಸೆಂಬ ಅರ್ಥದ ವಾಕ್ಯವಿದೆ. ಆದರೆ ಅದೂ ಅವನು ಕಟ್ಟಿದ ಮಾತಲ್ಲ; 1918ರಲ್ಲಿ, ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಪಿಯಾವೆ ನದಿಯ ರಣರಂಗದ ಪಾಳುಗೋಡೆಯೊಂದರ ಮೇಲೆ ಸೈನಿಕನೊಬ್ಬನು ಬರೆದದ್ದೆಂದು ಪ್ರಸಿದ್ಧವಾಗಿದ್ದ ವಾಕ್ಯವನ್ನು ಅವನ ಸರ್ಕಾರವು ನಾಣ್ಯಕ್ಕೇರಿಸಿತು. ನಮ್ಮ ಸೂಕ್ತಿಯಲ್ಲಿರುವ ಒಂದು ದಿನ, ನೂರು ವರ್ಷ, ಸಿಂಹ ಎಂಬ ಅಂಗಗಳು ಬೀಟ್ಸನ್ನನ ಪಾಠಕ್ಕಿಂತ ಇಟಲಿಯ ಪಾಠಕ್ಕೇ ಹತ್ತಿರವೆಂಬುದು ಗಮನಾರ್ಹ. ಒಂದು ಇನ್ನೊಂದರಿಂದ ಹುಟ್ಟಿತೆಂದು ಇಷ್ಟರಿಂದಲೇ ತೀರ್ಮಾನಿಸಲಾಗದು. ಹುಲಿ, ಸಿಂಹ, ಕುರಿಗಳನ್ನು ಕಂಡ ಎರಡು ಜನಾಂಗಗಳು ಒಂದೇ ಮಾತನ್ನು ಬೇರೆಬೇರೆಯಾಗಿ ಕಂಡುಕೊಳ್ಳಬಹುದು. ನಿಶ್ಚಯವಾಗಿ ಹೇಳಬಹುದಾದುದೇನೆಂದರೆ, 1800ರ ಅಚ್ಚಿನ ಪಾಠವು ಇಟಲಿಯ ಗೋಡೆಬರಹಕ್ಕಿಂತ ನೂರಕ್ಕೂ ಮಿಕ್ಕಿದ ವರ್ಷಗಳಷ್ಟು ಹಿಂದಿನದು.

ಇಷ್ಟನ್ನೂ ಮದ್ದೂರಿನ ಹಿರಿಯ ಮಿತ್ರರೊಬ್ಬರ ಮುಂದೆ ವಿವರಿಸಿದಾಗ, ಅವರು "ಮಾತು ಒಳ್ಳೇದಾದ್ರೆ ಸಾಕಲ್ವೇ ಸ್ವಾಮಿ, ಯಾರ್ ಹೇಳಿದ್ರೇನು?" ಎಂದರು. ಇದು ಉಪೇಕ್ಷಿಸತಕ್ಕ ಪ್ರಶ್ನೆಯಲ್ಲ. ಗಾದೆಯ ವಿಷಯದಲ್ಲಿ ಅವರ ಮಾತು ಪೂರ್ಣ ನಿಜ. ಗಾದೆಗೆ ಕರ್ತೃವಿಲ್ಲ, ಬೇಕಾಗಿಯೂ ಇಲ್ಲ. ಆದರೆ ಈ ಸೂಕ್ತಿಯನ್ನೇ ನೋಡಿ: ದರಬಾರಿನಲ್ಲಿ ದೊರೆಯು ಆಗಾಗ ಆಡಿದಾಗ ಅದು ತನ್ನ ಲಾಂಛನದ ಮೇಲಿನ ಅಭಿಮಾನ; ಕೋಟೆಯ ಬಾಗಿಲಲ್ಲಿ ಸಾಯುವವನು ಆಡಿದಾಗ ಅದು ಆತ್ಮಾರ್ಪಣ; ಪಾಳುಗೋಡೆಯ ಮೇಲೆ ಸಿಪಾಯಿಯು ಗೀಚಿದಾಗ ತನಗೆ ತಾನೇ ಹೇಳಿಕೊಂಡ ಧೈರ್ಯ; ನಾಣ್ಯದ ಮೇಲೆ ಸರ್ಕಾರವು ಒತ್ತಿದಾಗ ಇತರರು ಸಾಯಲೆಂಬ ಆಜ್ಞೆ. ಶಬ್ದಗಳು ಹೆಚ್ಚು ಕಡಮೆ ಅವೇ ಆಗಿದ್ದರೂ ಆಡಿದವನು ಬದಲಾದಾಗ ಅರ್ಥವೇ ಬದಲಾಗುತ್ತದೆ. ಕೆಳಗೆ ಬರೆಯುವ ಹೆಸರು ಮಾತಿನ ಅಲಂಕಾರವಲ್ಲ, ಅರ್ಥದ ಒಂದು ಭಾಗ.

ಹೆಸರು ತಪ್ಪುವ ಬಗೆಗಳೂ ಹಲವು. ಒಬ್ಬರ ಅಭಿಪ್ರಾಯವನ್ನು ಇನ್ನೊಬ್ಬರು ಸಂಗ್ರಹಿಸಿದ ವಾಕ್ಯವೇ ಮೊದಲಿನವರ ನುಡಿಯಾಗಿಬಿಡುವುದು ಒಂದು ಬಗೆ. ನಿನ್ನ ಮಾತನ್ನು ನಾನೊಪ್ಪೆನಾದರೂ ಅದನ್ನಾಡುವ ನಿನ್ನ ಹಕ್ಕಿಗಾಗಿ ಪ್ರಾಣ ಕೊಟ್ಟೇನು ಎಂಬರ್ಥದ, ನಮ್ಮ ಭಾಷಣಕಾರರು ವೋಲ್ತೇರನದೆಂದು ಹೇಳುವ ವಾಕ್ಯವು, ಈವ್ಲಿನ್ ಬಿಯಾಟ್ರಿಸ್ ಹಾಲ್ ಎಂಬ ಆಂಗ್ಲ ಲೇಖಕಿಯು 1906ರಲ್ಲಿ, ಟ್ಯಾಲೆಂಟೈರ್ ಎಂಬ ಗುಪ್ತನಾಮದಿಂದ ಪ್ರಕಟಿಸಿದ ಪುಸ್ತಕದಲ್ಲಿ, ವೋಲ್ತೇರನ ಮನೋಧರ್ಮವನ್ನು ವಿವರಿಸುವುದಕ್ಕಾಗಿ ತಾನೇ ರಚಿಸಿದ್ದು. ಅವಳು ಅದನ್ನು ಉದ್ಧರಣ ಚಿಹ್ನೆಗಳ ನಡುವೆ ಇರಿಸಿದ್ದಷ್ಟೇ ಸಾಕಾಯಿತು. ಓದಿದವರು ಚಿಹ್ನೆಯನ್ನು ನಂಬಿದರು.

ನಮ್ಮಲ್ಲಿ ಅಂಥ ಚಿಹ್ನೆಯ ಸ್ಥಾನವನ್ನು ವಹಿಸುವುದು ಅಂಕಿತ. ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣನವರು, ಗುಹೇಶ್ವರ ಎಂದಿದ್ದರೆ ಅಲ್ಲಮಪ್ರಭು, ಚೆನ್ನಮಲ್ಲಿಕಾರ್ಜುನ ಎಂದಿದ್ದರೆ ಅಕ್ಕಮಹಾದೇವಿ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಕರ್ತೃವಿನ ಸಹಿಯನ್ನು ಮಾತಿನೊಳಗೇ ಹೆಣೆದಿಡುವ ಸಂಪ್ರದಾಯವಿದು. ಆದರೂ ಅಂಕಿತವು ಬೀಗವಲ್ಲ. ಬಲ್ಲವರು ಯಾರಾದರೂ ಅದನ್ನು ಬಳಸಬಹುದು, ಪ್ರತಿಕಾರನು ಒಂದರ ಬದಲು ಇನ್ನೊಂದನ್ನು ಬರೆಯಬಹುದು. ವಚನವೊಂದು ಬಸವಣ್ಣನವರದೆಂದು ಕಂಡಾಗ, ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಕರ್ನಾಟಕ ಸರ್ಕಾರವು ಹದಿನೈದು ಸಂಪುಟಗಳಲ್ಲಿ ಹೊರತಂದ ಸಮಗ್ರ ವಚನ ಸಂಪುಟದಲ್ಲಿ ಅದು ಇದೆಯೇ ಎಂದು ನೋಡುವುದು ಸುಲಭವಾದ ಮೊದಲನೆಯ ಪರೀಕ್ಷೆ. ಅಲ್ಲಿ ಇಲ್ಲವಾದರೆ, ಅಂಕಿತವೆಷ್ಟೇ ಸ್ಫುಟವಾಗಿರಲಿ, ಹೆಸರು ಬರೆಯದೆ ತಡೆಯುವುದು ಕ್ಷೇಮ.

ಸರ್ವಜ್ಞನ ವಿಷಯವು ಇನ್ನೂ ಕಠಿನ. ಮೂರನೆಯ ಸಾಲಿನ ಕೊನೆಗೆ ಆ ಹೆಸರನ್ನಿಟ್ಟರೆ ಸಾಕು, ಯಾವ ನೀತಿಮಾತೂ ಅವನದಾಗುತ್ತದೆ. ಉತ್ತಂಗಿ ಚನ್ನಪ್ಪನವರು ಹಲವೆಡೆಗಳಿಂದ ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ಸರ್ವಜ್ಞನ ವಚನಗಳೇ ಇಂದಿಗೂ ನಮಗೆ ಆಸರೆಯಾದರೂ, ಜನರ ನಾಲಗೆಯಲ್ಲಿ ಬೆಳೆದದ್ದನ್ನು ಕವಿಯು ಆಡಿದ್ದರಿಂದ ಬೇರ್ಪಡಿಸುವುದು ಯಾವ ಸಂಪಾದಕನಿಗೂ ಪೂರ್ಣವಾಗಿ ಸಾಧ್ಯವಾಗುವ ಕೆಲಸವಲ್ಲ. ಇಲ್ಲಿ ಛಂದಸ್ಸು ಸ್ವಲ್ಪ ನೆರವಾಗುತ್ತದೆ. ತ್ರಿಪದಿಯಲ್ಲಿ ಒಟ್ಟು ಹನ್ನೊಂದು ಗಣಗಳು. ಮೊದಲೆರಡು ಸಾಲುಗಳಲ್ಲಿ ನಾಲ್ಕು ನಾಲ್ಕು, ಮೂರನೆಯದರಲ್ಲಿ ಮೂರು. ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಈಚೆಗೆ ಯಾರೋ ಕಟ್ಟಿ ತೇಲಿಬಿಟ್ಟ ಪದ್ಯಗಳಲ್ಲಿ ಅನೇಕವು ಬಾಯಿಬಿಟ್ಟು ಓದಿದೊಡನೆಯೇ ಈ ನಡೆಯಲ್ಲಿ ಎಡವುತ್ತವೆ. ಆದರೆ ಪರೀಕ್ಷೆಯ ಮಿತಿಯನ್ನು ಮರೆಯಬಾರದು: ಛಂದಸ್ಸು ತಪ್ಪಿದ ಪದ್ಯವನ್ನು ಸಂದೇಹಿಸಲು ಅದು ಕಾರಣ ಕೊಡುತ್ತದೆಯೇ ಹೊರತು, ಸರಿಯಾಗಿರುವ ಪದ್ಯವು ಸರ್ವಜ್ಞನದೇ ಎಂದು ಸಾಧಿಸಿಕೊಡಲಾರದು. ನಡೆಯನ್ನು ಬಲ್ಲ ಕವಿಗಳು ನಾಡಿನಲ್ಲಿ ಎಂದೂ ಇದ್ದರು.

ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರವನ್ನು ಕೇಂದ್ರವಾಗುಳ್ಳ ಮಂಟೇಸ್ವಾಮಿ ಪರಂಪರೆಯ ಮಾತುಗಳಲ್ಲಿ ಈ ಪ್ರಶ್ನೆಯು ಮತ್ತೊಂದು ಮುಖವನ್ನು ತೋರಿಸುತ್ತದೆ. ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವ ಆ ಕಾವ್ಯದಲ್ಲಿ ಮಂಟೇಸ್ವಾಮಿಯೂ ರಾಚಪ್ಪಾಜಿಯೂ ಸಿದ್ದಪ್ಪಾಜಿಯೂ ಆಡುವ ನುಡಿಗಳು, ಹಾಡುಗಾರನಿಂದ ಹಾಡುಗಾರನಿಗೂ, ಅದೇ ಹಾಡುಗಾರನಲ್ಲಿ ಒಂದು ರಾತ್ರಿಯಿಂದ ಇನ್ನೊಂದು ರಾತ್ರಿಗೂ ಬೇರೆಯಾಗುತ್ತವೆ. ಅಂಥ ನುಡಿಯೊಂದನ್ನು ಎತ್ತಿ, ಇದು ಮಂಟೇಸ್ವಾಮಿಯ ವಚನವೆಂದು ಅಚ್ಚುಹಾಕಿದರೆ, ಹಾಡಿದವನ ಕೃತಿಯನ್ನು ಕಸಿದುಕೊಂಡಂತಾಗುತ್ತದೆ. ಹಾಡಿದವನದೇ ಎಂದರೆ ಪರಂಪರೆಯನ್ನು ಕಸಿದುಕೊಂಡಂತಾಗುತ್ತದೆ. ನೀಲಗಾರರ ಹಾಡಿಕೆಯಲ್ಲಿ ಮಂಟೇಸ್ವಾಮಿಯ ಬಾಯಲ್ಲಿ ಬರುವ ಮಾತು, ಇಂಥ ಊರಿನಲ್ಲಿ ಇಂಥ ವರ್ಷ ಕೇಳಿದ್ದು ಎಂದು ಬರೆಯುವುದೊಂದೇ ಇಬ್ಬರಿಗೂ ನ್ಯಾಯವಾಗುವ ದಾರಿ.

ಈ ಉದಾಹರಣೆಗಳಿಂದ ಮಾತಿನ ಕೆಳಗೆ ಬರೆಯಬಹುದಾದ ಒಕ್ಕಣೆಗೆ ಮೂರು ಮೆಟ್ಟಿಲುಗಳು ತೋರುತ್ತವೆ. ಆಡಿದವರ ಸ್ವಂತ ಬರಹದಲ್ಲೋ, ಆಡಿದಾಗಲೇ ಬರೆದುಕೊಂಡ ದಾಖಲೆಯಲ್ಲೋ ಕಂಡಿದ್ದರೆ, ಹೆಸರನ್ನೂ ಸ್ಥಳವನ್ನೂ ನಿಸ್ಸಂಕೋಚವಾಗಿ ಬರೆಯಬಹುದು. ಇನ್ನೊಬ್ಬರ ವರದಿಯಲ್ಲಿ ಮಾತ್ರ ಕಂಡಿದ್ದರೆ, ಇಂಥವರು ಹೇಳಿದರೆಂದು ಇಂಥವರು ಇಂಥ ವರ್ಷ ಬರೆದದ್ದು ಎನ್ನಬೇಕು. ಎರಡೂ ಇಲ್ಲದೆ ಹೆಸರೊಂದೇ ಓಡಾಡುತ್ತಿದ್ದರೆ, ಅವರದೆಂದು ಪ್ರಚಾರದಲ್ಲಿರುವ ಮಾತು ಎನ್ನಬೇಕು. ಅಥವಾ ಹೆಸರನ್ನು ಬಿಟ್ಟು ಗಾದೆಯಂತೆ ಬರೆಯಬೇಕು. ಅಭಿಮಾನಿಗಳು ಶೌರ್ಯದ ಮಾತುಗಳನ್ನೂ ವಿರೋಧಿಗಳು ಕ್ರೌರ್ಯದ ಮಾತುಗಳನ್ನೂ ಬಾಯಲ್ಲಿಡುತ್ತ ಬಂದಿರುವ ಟಿಪ್ಪುವಿನಂಥವನ ವಿಷಯದಲ್ಲಿ, ಎರಡನ್ನೂ ಇದೇ ಮೆಟ್ಟಿಲುಗಳ ಮೇಲೆ ನಿಲ್ಲಿಸಿ ನೋಡತಕ್ಕದ್ದು. ನಮಗೆ ಹಿತವಾದ ಮಾತಿಗೆ ಸಡಿಲವಾದ ಅಳತೆ, ಅಹಿತವಾದುದಕ್ಕೆ ಬಿಗಿಯಾದ ಅಳತೆ ಎಂದಾದರೆ ಅದು ಶೋಧನೆಯಲ್ಲ.

ನನ್ನ ಸೊಸೆಗೆ ನಾನು ಬರೆದು ಕಳುಹಿಸಿದ್ದು ಎರಡನೆಯ ಮೆಟ್ಟಿಲಿನ ಒಕ್ಕಣೆ. ಇನ್ನೂರು ವರ್ಷ ಕುರಿಯಂತೆ ಬಾಳುವುದಕ್ಕಿಂತ ಎರಡು ದಿನ ಹುಲಿಯಂತೆ ಬಾಳುವುದು ಮೇಲೆಂದು ಮಾತನ್ನು ತಿದ್ದಿ, ಕೆಳಗೆ, ಟಿಪ್ಪು ಸುಲ್ತಾನನು ಆಗಾಗ ಹೇಳುತ್ತಿದ್ದನೆಂದು ಅಲೆಕ್ಸಾಂಡರ್ ಬೀಟ್ಸನ್ 1800ರಲ್ಲಿ ಬರೆದಂತೆ, ಎಂದು ಸೇರಿಸಿದೆ. ಒಕ್ಕಣೆಯೇ ಸೂಕ್ತಿಯಷ್ಟು ಉದ್ದವಾಯಿತೆಂದು ಅವಳು ಮೊದಲು ಅನುಮಾನಿಸಿದರೂ, ಹಾಗೆಯೇ ಬರೆಯಿಸಿದಳು. ಕೆಲವು ದಿನಗಳ ಮೇಲೆ ಅವಳಿಂದ ಮತ್ತೊಂದು ಪ್ರಶ್ನೆ ಬಂತು. ಈ ಬೀಟ್ಸನ್ ಎಂಬುವನು ಯಾರೆಂದು ಮಕ್ಕಳು ಕೇಳುತ್ತಿದ್ದಾರೆ, ಏನು ಹೇಳಲಿ ಎಂದು.

ಅದಕ್ಕೆ ಉತ್ತರ ಬರೆಯುವುದು ಕಷ್ಟವಾಗಲಿಲ್ಲ. 1799ರ ಮಾರ್ಚಿಯಲ್ಲಿ ಟಿಪ್ಪುವು ಮದ್ದೂರು ಹೊಳೆಯ ದಂಡೆಯ ಬೀಡನ್ನು ಬಿಟ್ಟು ಮಳವಳ್ಳಿಗೆ ಬಂದನು. ಅದೇ ತಿಂಗಳ 27ರಂದು ಮಳವಳ್ಳಿಯ ಬಳಿ ಜನರಲ್ ಹ್ಯಾರಿಸನ ಸೈನ್ಯದೊಡನೆ ಕಾಳಗ ನಡೆಯಿತು. ತರುವಾಯ ಆ ಸೈನ್ಯವು ಸೋಸಲೆಯ ಬಳಿ ಕಾವೇರಿಯನ್ನು ದಾಟಿ, ಏಪ್ರಿಲ್ 5ಕ್ಕೆ ಶ್ರೀರಂಗಪಟ್ಟಣದ ಮುಂದೆ ಬೀಡುಬಿಟ್ಟಿತು. ಆ ಸೈನ್ಯದ ಹಾದಿಯನ್ನೂ ನೆಲವನ್ನೂ ಅಳೆಯುವ ಕೆಲಸದ ಹೊಣೆ ಹೊತ್ತಿದ್ದವನು ಬೀಟ್ಸನ್. ಗೋಡೆಯ ಮೇಲಿನ ಮಾತನ್ನು ನಮಗೆ ಉಳಿಸಿಕೊಟ್ಟವನು ನಿಮ್ಮ ಊರಿನ ಮೇಲೆಯೇ ಹಾದುಹೋದ ದಂಡಿನವನು ಎಂದು ಬರೆದೆ. ಹೆಸರೊಂದನ್ನೇ ಬರೆಯಿಸಿದ್ದರೆ ಆ ಮಕ್ಕಳು ಕೇಳುವುದಕ್ಕೆ ಏನೂ ಉಳಿಯುತ್ತಿರಲಿಲ್ಲ.